ಎಂಟು ವರ್ಷದ ಮಗಳು "ಉದ್ದ ಲೋಟದಲ್ಲೇ ಜಾಸ್ತಿ" ಅಂದಳು. ಪಿಯಾಜೆ ಪಟ್ಟಿ ಪ್ರಕಾರ ಇವಳು ಹಿಂದೆ ಬಿದ್ದಿದ್ದಾಳಾ?

ಮಲೆನಾಡಿನ ಸುಧಾ
ನನ್ನ ನಾದಿನಿ ಬಿ.ಎಡ್. ಓದುತ್ತಿದ್ದಾಳೆ. ಮಕ್ಕಳ ಯೋಚನೆ ಹಂತ ಹಂತವಾಗಿ ಬೆಳೆಯುತ್ತದೆ ಅಂದ ಮನಶ್ಶಾಸ್ತ್ರಜ್ಞ ಪಿಯಾಜೆ ಇದ್ದಾರಲ್ಲ, ಅಸೈನ್‌ಮೆಂಟ್‌ಗೆ ಅಂತ ನಮ್ಮ ಮನೆ ಮಕ್ಕಳ ಮೇಲೇ ಅವರ ಪ್ರಯೋಗ ಮಾಡಿದಳು. ಮಗಳಿಗೆ ಎಂಟು ವರ್ಷ. ಒಂದೇ ಅಳತೆಯ ಎರಡು ಗಾಜಿನ ಲೋಟದಲ್ಲಿ ಸಮವಾಗಿ ಶರಬತ್ತು ಹಾಕಿ ತೋರಿಸಿದಳು. ಆಮೇಲೆ ಒಂದರಲ್ಲಿದ್ದದ್ದನ್ನು ಉದ್ದನೆಯ, ಸಪೂರ ಲೋಟಕ್ಕೆ ಸುರಿದು ಕೇಳಿದಳು. ಮಗಳು ಉದ್ದ ಲೋಟ ತೋರಿಸಿ "ಇದರಲ್ಲಿ ಜಾಸ್ತಿ" ಅಂದಳು.

ಮಗನಿಗೆ ಐದು ವರ್ಷ. ಅವನ ಮುಂದೆ ಹುಣಸೆ ಬೀಜ ಎರಡು ಸಾಲು ಇಟ್ಟಳು, ಸಾಲಿಗೆ ಆರು. ಒಂದು ಸಾಲನ್ನು ಅಗಲ ಮಾಡಿ ಕೇಳಿದರೆ ಅವನು "ಎರಡೂ ಸಮ" ಅಂದುಬಿಟ್ಟ.

ಈಗ ಅವಳ ವರದಿಯಲ್ಲಿ ಐದು ವರ್ಷದವನು ಮುಂದಿನ ಹಂತದಲ್ಲಿದ್ದಾನೆ, ಎಂಟು ವರ್ಷದವಳು ಹಿಂದಿನ ಹಂತದಲ್ಲಿದ್ದಾಳೆ. ಅತ್ತೆ ಅದನ್ನು ಕೇಳಿಸಿಕೊಂಡು ಎರಡು ದಿನದಿಂದ ಮುಖ ಸಣ್ಣ ಮಾಡಿಕೊಂಡಿದ್ದಾರೆ. ಮಗಳು ಶಾಲೆಯಲ್ಲಿ ಚೆನ್ನಾಗೇ ಇದ್ದಾಳೆ. ಈ ವಯಸ್ಸಿನ ಪಟ್ಟಿ ಅಷ್ಟು ಗಟ್ಟಿಯಾ?

ಟಿಇಟಿ ಬಸು
ಪಟ್ಟಿ ಬಹಳ ಸರಳ ಮೇಡಂ. ಹುಟ್ಟಿನಿಂದ 2 ಸಂವೇದನಾ ಹಂತ, 2ರಿಂದ 7 ಕಾರ್ಯಪೂರ್ವ ಹಂತ, 7ರಿಂದ 11 ಮೂರ್ತ ಕಾರ್ಯಗಳ ಹಂತ, 11ರ ಮೇಲೆ ಔಪಚಾರಿಕ ಹಂತ, ಅಂದರೆ ಕಣ್ಣೆದುರು ಇಲ್ಲದ್ದನ್ನೂ ತರ್ಕದಿಂದ ಯೋಚಿಸುವುದು. ಲೋಟದ ಪ್ರಯೋಗ ಮೂರ್ತ ಹಂತಕ್ಕೆ ಸೇರಿದ್ದು. ಎಂಟಕ್ಕೆ ಬರಲೇಬೇಕು. ಪಿಯಾಜೆ ಸಂಶೋಧನೆ ಮಾಡಿಯೇ ವಯಸ್ಸು ಫಿಕ್ಸ್ ಮಾಡಿದ್ದು. ನಾನು ನಮ್ಮ ಹುಡುಗರಿಗೆ ಇದನ್ನು ಬಾಯಿಪಾಠ ಮಾಡಿಸಿದ್ದೇನೆ, ಪ್ರತಿ ಸಲ ಒಂದು ಪ್ರಶ್ನೆ ಗ್ಯಾರಂಟಿ.

ಸುಮ್ನೆ ಓದುವವ
ಪ್ರಶ್ನೆ ಪತ್ರಿಕೆಗೆ ಸರಿ. ಆ ಮಗು ಪ್ರಶ್ನೆ ಪತ್ರಿಕೆ ಅಲ್ಲವಲ್ಲ.

ಎರಡು ಮಕ್ಕಳ ಅಪ್ಪ
ಇದೇ ಗೋಳು ನಂದೂ. ಒಂದನೇ ಕ್ಲಾಸಿಗೆ ಆರು ತುಂಬಿರಬೇಕು ಅಂತಾರೆ. ನಮ್ಮವನು ಸ್ವಲ್ಪದರಲ್ಲಿ ತಪ್ಪಿಸಿಕೊಂಡ. ಅವನಿಗೆ ಓದೋಕೆ ಬರುತ್ತೆ, ಲೆಕ್ಕ ಬರುತ್ತೆ, ಆದರೂ ಯುಕೆಜಿಯಲ್ಲೇ ಕೂರಬೇಕಂತೆ. ಯಾರಾದರೂ ಅರ್ಜಿ ಹಾಕಿದ್ದೀರಾ?

ಸುಮ್ನೆ ಓದುವವ
ಅಣ್ಣಾ, ಇಲ್ಲಿ ಮಾತಾಡ್ತಿರೋದು ಬೇರೆ ವಯಸ್ಸು.

ನಿವೃತ್ತ ಮೇಷ್ಟ್ರು
ಸುಧಾ ಅವರೇ, ಮೊದಲು ಅತ್ತೆಯವರಿಗೆ ಸಮಾಧಾನ ಹೇಳಿ. ನಿಮ್ಮ ನಾದಿನಿ ಇಬ್ಬರಿಗೂ ಮಾಡಿದ್ದು ಒಂದೇ ಪರೀಕ್ಷೆ ಅಲ್ಲ.

ಬೀಜದ ಸಾಲು ಸಂಖ್ಯೆಯ ಪರೀಕ್ಷೆ. ಶರಬತ್ತು ಪ್ರಮಾಣದ ಪರೀಕ್ಷೆ. ಎರಡೂ ಒಂದೇ ವಿಚಾರದ ಮೇಲೆ ನಿಂತಿವೆ: ಆಕಾರ ಬದಲಾದ ಮಾತ್ರಕ್ಕೆ ಮೊತ್ತ ಬದಲಾಗುವುದಿಲ್ಲ. ಇದಕ್ಕೇ ಸಂರಕ್ಷಣೆ ಅನ್ನುತ್ತಾರೆ. ಹಾಗಾದರೆ ಅದು ಹೊಳೆದ ದಿನ ಎಲ್ಲದರಲ್ಲೂ ಹೊಳೆಯಬೇಕಿತ್ತು ಅಲ್ವಾ? ಹಾಗಾಗುವುದಿಲ್ಲ. ಜಿನೀವಾದ ಮಕ್ಕಳಲ್ಲಿ ಪಿಯಾಜೆ ಕಂಡದ್ದೇ ಇದು. ಸಂಖ್ಯೆ ಆರೇಳರ ಹೊತ್ತಿಗೆ ಬಂತು. ಮಣ್ಣಿನ ಉಂಡೆಯನ್ನು ಉದ್ದ ಮಾಡಿದರೂ ಮಣ್ಣು ಅಷ್ಟೇ ಅನ್ನುವುದು ಏಳೆಂಟಕ್ಕೆ. ಅದೇ ಉಂಡೆಯ ತೂಕ ಅಷ್ಟೇ ಅನ್ನುವುದು ಒಂಬತ್ತು ಹತ್ತಕ್ಕೆ. ಅದನ್ನು ನೀರಿಗೆ ಹಾಕಿದರೆ ನೀರು ಅಷ್ಟೇ ಮೇಲೇರುತ್ತದೆ ಅನ್ನುವುದು ಹನ್ನೊಂದು ಹನ್ನೆರಡಕ್ಕೆ.

ಅಂದರೆ ಒಂದೇ ಉಂಡೆ, ಒಂದೇ ಮಗು. "ಮಣ್ಣು ಅಷ್ಟೇ ಇದೆ" ಅನ್ನುತ್ತದೆ, ಮರುಕ್ಷಣ "ಆದರೆ ಇದು ಹಗುರ" ಅನ್ನುತ್ತದೆ. ಈಗ ಆ ಮಗು ಯಾವ ಹಂತದಲ್ಲಿದೆ ಅಂತ ಬರೆಯುತ್ತೀರಿ?

ಪಿಯಾಜೆ ಇದಕ್ಕೆ ದೆಕಲಾಜ್ ಅಂತ ಹೆಸರಿಟ್ಟರು. ಹೆಸರಿಟ್ಟರೇ ಹೊರತು, ತೂಕಕ್ಕೆ ಯಾಕೆ ಎರಡು ವರ್ಷ ಜಾಸ್ತಿ ಬೇಕು ಅನ್ನುವುದಕ್ಕೆ ತೃಪ್ತಿಯಾಗುವ ಕಾರಣ ಕೊಡಲಿಲ್ಲ ಅನ್ನುವುದು ಟೀಕಾಕಾರರ ಮೊದಲ ದೂರು.

ಇನ್ನೊಂದು ಮಾತು. ನಿಮ್ಮ ಮಗ "ಸಮ" ಅನ್ನುವ ಮೊದಲು ಬೀಜ ಎಣಿಸಿದನೇ? ಎಣಿಸಿದ್ದರೆ ಅದು ಬೇರೆ ಲೆಕ್ಕ. ಆರು ಬೀಜ ಎಣಿಸಲು ಬಂದರೆ ಸಾಕು, ಉತ್ತರ ಸರಿ ಬರುತ್ತದೆ. ಎಣಿಸದೇ "ಸಮ" ಅಂದು ಕಾರಣ ಕೊಟ್ಟರೆ ಮಾತ್ರ ಪಿಯಾಜೆ ಒಪ್ಪುತ್ತಿದ್ದರು.

ಬಸು ಅವರೇ, ವಯಸ್ಸನ್ನು ಪಿಯಾಜೆ ಫಿಕ್ಸ್ ಮಾಡಲಿಲ್ಲ. ಅವರು ಪಟ್ಟು ಹಿಡಿದದ್ದು ಹಂತಗಳ ಕ್ರಮದ ಮೇಲೆ. ವಯಸ್ಸು ಊರಿಂದ ಊರಿಗೆ ಬದಲಾಗುತ್ತದೆ ಅಂತ ಅವರೇ ಬರೆದಿದ್ದಾರೆ.

ಟಿಇಟಿ ಬಸು
ಕ್ರಮ ಬದಲಾಗಲ್ಲ ಅಂತಾನೇ ನಾನೂ ಹೇಳಿದ್ದು.

ಗೋಧಿ ಹುಗ್ಗಿ
ಇಲ್ಲ ಗುರುಗಳೇ, "ಎಂಟಕ್ಕೆ ಬರಲೇಬೇಕು" ಅಂದಿದ್ದೀರಿ. ಮೇಲೆ ಹೋಗಿ ನೋಡಿ 😄

ರೇಖಾ ಎನ್
ಮಕ್ಕಳ ಜೊತೆ ಇಂಥ ಪರೀಕ್ಷೆ ಮಾಡುವುದೇ ನನ್ನ ಕೆಲಸ. ಸುಧಾ, ಒಂದು ವಿಷಯ ಬೇಕು. ನಿಮ್ಮ ನಾದಿನಿ ಬಾಯಲ್ಲಿ ಬಂದ ಪ್ರಶ್ನೆ ಏನು? ಅಂದಾಜು ಬೇಡ, ಪದಕ್ಕೆ ಪದ. ಎಷ್ಟು ಸಲ ಕೇಳಿದಳು? ಯಾವ ಭಾಷೆಯಲ್ಲಿ?

ಮಲೆನಾಡಿನ ಸುಧಾ
ಅಡುಗೆಮನೆಯಿಂದ ಕೇಳಿಸಿಕೊಂಡಿದ್ದೆ. ಸುರಿಯುವ ಮೊದಲು "ಆರ್ ಬೋತ್ ಸೇಮ್?" ಅಂದಳು. ಮಗಳು "ಯೆಸ್" ಅಂದಳು. ಸುರಿದ ಮೇಲೆ "ನೌ ವಿಚ್ ಗ್ಲಾಸ್ ಹ್ಯಾಸ್ ಮೋರ್?" ಅಂದಳು. ವರದಿ ಇಂಗ್ಲಿಷಿನಲ್ಲಿ ಕೊಡಬೇಕಲ್ಲ, ಅದಕ್ಕೆ. ಮಗಳದ್ದು ಇಂಗ್ಲಿಷ್ ಮೀಡಿಯಂ ಶಾಲೆ, ಮನೆಯಲ್ಲಿ ಪೂರ್ತಿ ಕನ್ನಡ. ಮಗನಿಗೆ ಕನ್ನಡದಲ್ಲೇ ಕೇಳಿದಳು. ಮೇಷ್ಟ್ರೇ, ಅವನು ಬೆರಳು ಆಡಿಸಿದ್ದು ನೋಡಿದೆ, ಎಣಿಸಿದ ಅಂತ ಕಾಣುತ್ತೆ.

ರೇಖಾ ಎನ್
ಹಾಗಾದರೆ ಮಗಳ ಆ ಉತ್ತರವನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

"ಯಾವುದರಲ್ಲಿ ಜಾಸ್ತಿ" ಅಂತ ಕೇಳಿದರೆ ಎರಡರಲ್ಲಿ ಒಂದನ್ನು ಆರಿಸಲೇಬೇಕು. "ಸಮ" ಅನ್ನುವುದಕ್ಕೆ ಆ ಪ್ರಶ್ನೆಯಲ್ಲಿ ಜಾಗವೇ ಇಲ್ಲ. ಪಿಯಾಜೆ ಶೈಲಿಯಲ್ಲಿ ಕೇಳುವುದಾದರೆ "ಎರಡರಲ್ಲೂ ಅಷ್ಟೇ ಇದೆಯಾ, ಅಥವಾ ಒಂದರಲ್ಲಿ ಜಾಸ್ತಿ ಇದೆಯಾ" ಅನ್ನಬೇಕು.

ಅದಕ್ಕಿಂತ ದೊಡ್ಡದು, ಒಂದೇ ವಿಷಯವನ್ನು ಎರಡು ಸಲ ಕೇಳುವುದು. ಮಗು ಒಮ್ಮೆ "ಸಮ" ಅಂದಿದೆ. ದೊಡ್ಡವರು ಕಣ್ಣೆದುರೇ ಏನೋ ಮಾಡಿ ಮತ್ತೆ ಅದನ್ನೇ ಕೇಳುತ್ತಾರೆ. ಮಗುವಿಗೆ ಏನನ್ನಿಸುತ್ತದೆ? ಏನೋ ಬದಲಾಗಿದೆ, ಇಲ್ಲದಿದ್ದರೆ ಮತ್ತೆ ಯಾಕೆ ಕೇಳುತ್ತಿದ್ದರು? 1974ರಲ್ಲಿ ರೋಸ್ ಮತ್ತು ಬ್ಲ್ಯಾಂಕ್ ಅನ್ನುವವರು ಮೊದಲಿನ ಪ್ರಶ್ನೆಯನ್ನು ಬಿಟ್ಟು, ಬದಲಾವಣೆ ಆದ ಮೇಲೆ ಮಾತ್ರ ಕೇಳಿದರು. ಮಕ್ಕಳ ತಪ್ಪು ಕಡಿಮೆಯಾಯಿತು.

ಅದೇ ಹೊತ್ತಿಗೆ ಎಡಿನ್‌ಬರೋದಲ್ಲಿ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಇನ್ನೂ ಚಂದದ ಉಪಾಯ ಮಾಡಿದರು. ನಾಲ್ಕರಿಂದ ಆರರ ಮಕ್ಕಳ ಮುಂದೆ ಎರಡು ಸಾಲು ಬಿಲ್ಲೆ. ಪೆಟ್ಟಿಗೆಯೊಳಗೆ ಒಂದು ತುಂಟ ಕರಡಿ ಗೊಂಬೆ. ಅದು ಆಗಾಗ ತಪ್ಪಿಸಿಕೊಂಡು ಬಂದು ಆಟ ಹಾಳು ಮಾಡುತ್ತದೆ ಅಂತ ಮಗುವಿಗೆ ಮೊದಲೇ ಹೇಳಿರುತ್ತಾರೆ. ಕರಡಿ ನುಗ್ಗಿ ಬಂದು ಒಂದು ಸಾಲನ್ನು ಕಲಕಿ ಹೋಗುತ್ತದೆ. ಆಮೇಲೆ ಪ್ರಶ್ನೆ. ಸಾಲನ್ನು ದೊಡ್ಡವರೇ ಬೇಕೆಂದು ಸರಿಸಿದಾಗ "ಇದರಲ್ಲಿ ಜಾಸ್ತಿ" ಅಂದಿದ್ದ ಎಷ್ಟೋ ಮಕ್ಕಳು ಕರಡಿ ಸರಿಸಿದಾಗ "ಸಮ" ಅಂದರು. ವಯಸ್ಸು ಅದೇ, ಬಿಲ್ಲೆ ಅವೇ. ಬದಲಾಗಿದ್ದು ಯಾರು ಸರಿಸಿದರು ಅನ್ನುವುದು ಮಾತ್ರ.

ಸುಮ್ನೆ ಓದುವವ
ಇದು ನೂರಕ್ಕೆ ನೂರು ನಿಜ. ನಾವು ಓದುವಾಗ ಮೇಷ್ಟ್ರು ಬೋರ್ಡ್ ಮೇಲೆ ಬರೆದು "ಇದು ಸರೀನಾ?" ಅಂದರೆ ಇಡೀ ಕ್ಲಾಸು "ಇಲ್ಲಾ ಸಾರ್" ಅಂತಿತ್ತು. ಲೆಕ್ಕ ನೋಡಿ ಅಲ್ಲ, ಅವರ ದನಿ ನೋಡಿ. ಸರಿ ಇದ್ದರೆ ಅವರು ಕೇಳುತ್ತಲೇ ಇರಲಿಲ್ಲ.

ನಿವೃತ್ತ ಮೇಷ್ಟ್ರು
ಕರಡಿ ಕಥೆ ನನಗೂ ಬಹಳ ಇಷ್ಟ ರೇಖಾ ಅವರೇ. ಆದರೆ ಅದು ಅಲ್ಲಿಗೆ ಮುಗಿಯಲಿಲ್ಲ. 1986ರಲ್ಲಿ ಮೂರ್ ಮತ್ತು ಫ್ರೈ ಅನ್ನುವವರು ಕರಡಿಯ ಕೈಯಲ್ಲಿ ಬೇರೆ ಕೆಲಸ ಮಾಡಿಸಿದರು. ಸಾಲು ಕಲಕುವ ಬದಲು ನಿಜವಾಗಿಯೂ ಬಿಲ್ಲೆಗಳ ಸಂಖ್ಯೆಯನ್ನೇ ಬದಲಿಸಿತು. ಈಗ ಸರಿ ಉತ್ತರ "ಸಮ ಅಲ್ಲ". ಇಲ್ಲಿ ಕರಡಿ ಇದ್ದದ್ದರಿಂದ ಮಕ್ಕಳಿಗೆ ಲಾಭ ಆಗಲಿಲ್ಲ, ನಷ್ಟವೇ ಆಯಿತು. ಅಂದರೆ ಗೊಂಬೆಯ ಗಲಾಟೆಯಲ್ಲಿ ಸಾಲಿನ ಕಡೆ ಸರಿಯಾಗಿ ನೋಡದೇ ಮೊದಲಿನ ಉತ್ತರವನ್ನೇ ಹೇಳಿರಬಹುದು.

ಹಾಗಾಗಿ ಎರಡೂ ಕಡೆ ಹುಷಾರಾಗಿರಬೇಕು. ಉತ್ತರ ಗೊತ್ತಿರುವ ಮಗುವಿನ ಬಾಯಲ್ಲೂ ಪಿಯಾಜೆ ಪ್ರಶ್ನೆ ತಪ್ಪು ಹೇಳಿಸಬಹುದು. ಉತ್ತರ ಗೊತ್ತಿಲ್ಲದ ಮಗುವಿನ ಬಾಯಲ್ಲೂ ಕರಡಿ ಸರಿ ಹೇಳಿಸಬಹುದು.

ರೇಖಾ ಎನ್
ಒಪ್ಪುತ್ತೇನೆ, ಅರ್ಧ. ಸರಿಸಿದವರು ಬದಲಾದರೆ ಉತ್ತರ ಇಷ್ಟು ಅಲ್ಲಾಡುತ್ತದೆ ಅಂದರೆ, ಅದರ ಮೇಲೆ "ಏಳು ವರ್ಷ" ಅಂತ ಗೆರೆ ಎಳೆಯುವುದು ಹೇಗೆ? ನನ್ನ ತಕರಾರು ಅಲ್ಲಿ.

ನಿವೃತ್ತ ಮೇಷ್ಟ್ರು
ಗೆರೆ ಬೇಡ ಅನ್ನಿ, ಒಪ್ಪೋಣ. ಆದರೆ ನಾಲ್ಕು ವರ್ಷದ ಮಗುವಿಗೂ ಎಂಟು ವರ್ಷದ ಮಗುವಿಗೂ ವ್ಯತ್ಯಾಸವೇ ಇಲ್ಲ ಅನ್ನಬೇಡಿ. ಮೂವತ್ತು ವರ್ಷ ತರಗತಿಯಲ್ಲಿ ನಿಂತವನು ನಾನು.

ಕರಾವಳಿ ಕೂಸು
ಭಾಷೆ ವಿಷಯ ಯಾಕೆ ಯಾರೂ ಹಿಡಿಯಲಿಲ್ಲ? ನಮ್ಮ ಮನೆಯಲ್ಲಿ ತುಳು. ಮಗನನ್ನು ಇಂಗ್ಲಿಷ್ ಶಾಲೆಗೆ ಸೇರಿಸುವಾಗ ಅಲ್ಲಿನವರು ಅವನಿಗೆ ಇಂಗ್ಲಿಷಿನಲ್ಲಿ ಏನೇನೋ ಕೇಳಿದರು. ಅವನು ಎಲ್ಲದಕ್ಕೂ ಹೂಂ ಅಂದ. "ಇನ್ನೂ ಪಕ್ವ ಆಗಿಲ್ಲ" ಅಂತ ಬರೆದು ಕಳಿಸಿದರು. ಮನೆಗೆ ಬಂದು ತುಳುವಿನಲ್ಲಿ ಅದನ್ನೇ ಕೇಳಿದೆ, ಪಟಪಟ ಹೇಳಿದ.

ರೇಖಾ ಎನ್
ಕೆನಡಾದ ಕೇಪ್ ಬ್ರೆಟನ್‌ನಲ್ಲಿ ಇದನ್ನೇ ಪರೀಕ್ಷಿಸಿದ್ದಾರೆ. ಅಲ್ಲಿನ ಮಿಕ್‌ಮಾಕ್ ಮೂಲನಿವಾಸಿ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಮನೆಯಲ್ಲಿ ತಮ್ಮ ಭಾಷೆ. 1982ರಲ್ಲಿ ನ್ಯೀತಿ ಅನ್ನುವ ಸಂಶೋಧಕರು ಈ ಸಂರಕ್ಷಣೆಯ ಪರೀಕ್ಷೆಗಳ ಫಲಿತಾಂಶ ಪ್ರಕಟಿಸಿದರು. ಇಂಗ್ಲಿಷಿನಲ್ಲಿ ಕೇಳಿದಾಗ ಈ ಮಕ್ಕಳು ಯುರೋಪಿಯನ್ ಮೂಲದ ಮಕ್ಕಳಿಗಿಂತ ಹಿಂದೆ. ಅವರ ಭಾಷೆಯಲ್ಲಿ, ಅವರ ಜನರೇ ಕೇಳಿದಾಗ ಸಮಸಮ. "ಹಿಂದೆ ಬಿದ್ದ ಹಂತ" ಪ್ರಶ್ನೆ ಕೇಳಿದ ಭಾಷೆಯಲ್ಲಿತ್ತು.

ಸುಧಾ, ನಿಮ್ಮ ಮಗಳಿಗೆ ಇಂಗ್ಲಿಷ್, ಮಗನಿಗೆ ಕನ್ನಡ. ಈಗ ಗೊತ್ತಾಯ್ತಲ್ಲ.

ಲ್ಯಾಬ್ ಕೋಟು
ಇಷ್ಟೆಲ್ಲ ಯಾಕೆ? ಪಿಯಾಜೆ ಯಾವಾಗಲೋ ಬಿದ್ದುಹೋದ. ವಸ್ತು ಮರೆಯಾದರೂ ಇರುತ್ತೆ ಅಂತ ಮಗುವಿಗೆ ಗೊತ್ತಾಗೋಕೆ ಎಂಟು ತಿಂಗಳು ಬೇಕು ಅಂದಿದ್ದ. ಬಯಾರ್ಜಾನ್ 1987ರಲ್ಲಿ ಮೂರೂವರೆ, ನಾಲ್ಕೂವರೆ ತಿಂಗಳ ಕೂಸುಗಳಿಗೇ ಗೊತ್ತು ಅಂತ ಸಾಬೀತು ಮಾಡಿದಳು. ಹಂತ ಗಿಂತ ಎಲ್ಲ ಸುಳ್ಳು.

ರೇಖಾ ಎನ್
ಸ್ವಲ್ಪ ನಿಲ್ಲಿ. ಆ ಪ್ರಯೋಗದಲ್ಲಿ ಕೂಸು ಮಾಡಿದ್ದು ನೋಡುವುದು ಮಾತ್ರ. ಒಂದು ಹಲಗೆ ಹಿಂದಕ್ಕೆ ಮಗುಚುತ್ತದೆ, ಅದರ ಹಿಂದೆ ಪೆಟ್ಟಿಗೆ ಇದೆ. ಹಲಗೆ ಪೆಟ್ಟಿಗೆಗೆ ತಾಗಿ ನಿಲ್ಲಬೇಕು. ನಿಲ್ಲದೇ ಪೂರ್ತಿ ಮಗುಚಿದಾಗ ಕೂಸು ಜಾಸ್ತಿ ಹೊತ್ತು ನೋಡಿತು. ಅದನ್ನು "ಅಚ್ಚರಿ" ಅಂತ ಓದಿದ್ದಾರೆ. ಹಲಗೆ ಜಾಸ್ತಿ ಚಲಿಸಿದ್ದಕ್ಕೇ ಜಾಸ್ತಿ ನೋಡಿತು ಅಂತ ವಾದಿಸಿದವರೂ ಇದ್ದಾರೆ. ಪಿಯಾಜೆ ನೋಡಿದ್ದು ಬಟ್ಟೆ ಸರಿಸಿ ಆಟಿಕೆ ಹುಡುಕುತ್ತದೆಯೇ ಅನ್ನುವುದನ್ನು. ಹುಡುಕಲು ಕೈ ಬೇಕು, ನೆನಪು ಬೇಕು, ಒಂದಾದ ಮೇಲೆ ಒಂದು ಮಾಡುವ ಯೋಚನೆ ಬೇಕು. ವಯಸ್ಸಿನ ಗೆರೆ ಕೆಳಗೆ ಬಂತು ಅನ್ನಬಹುದು. "ಎಲ್ಲ ಸುಳ್ಳು" ಅನ್ನುವುದು ಜಾಸ್ತಿಯಾಯಿತು.

ಲ್ಯಾಬ್ ಕೋಟು
ಗೆರೆ ನಾಲ್ಕು ತಿಂಗಳು ಕೆಳಗೆ ಬಂದರೂ ಸಿದ್ಧಾಂತ ಉಳಿಯುತ್ತೆ ಅಂದರೆ, ಅದನ್ನು ಯಾವುದರಿಂದ ಬೀಳಿಸೋದು ಹೇಳಿ.

ನಿವೃತ್ತ ಮೇಷ್ಟ್ರು
ಈ ಪ್ರಶ್ನೆ ಮಾತ್ರ ಒಳ್ಳೆಯದು. ಕ್ರಮ ತಲೆಕೆಳಗಾದರೆ ಬೀಳುತ್ತದೆ. ಪರಮಾಣುವಿನ ಲೆಕ್ಕ ತರ್ಕಬದ್ಧವಾಗಿ ಬಿಡಿಸುವ, ಆದರೆ ಲೋಟದ ಶರಬತ್ತಿನಲ್ಲಿ ಮುಗ್ಗರಿಸುವ ಮಗು ತೋರಿಸಿ.

ಜ್ಯೂಸ್ ಅಂಗಡಿ ಮಂಜ
ದೊಡ್ಡವರ ಕಥೆ ಹೇಳ್ತೀನಿ. ನಮ್ಮಲ್ಲಿ ಗಿಡ್ಡ ಲೋಟ, ಉದ್ದ ಲೋಟ ಎರಡಕ್ಕೂ ಹಿಡಿಯೋದು ಒಂದೇ. ಅಳತೆ ಹಾಕಿ ತೋರಿಸಿದರೂ ಗಿರಾಕಿಗಳು "ಉದ್ದದ್ದರಲ್ಲೇ ಕೊಡಿ" ಅಂತಾರೆ. ಅವರನ್ನು ಯಾವ ಹಂತಕ್ಕೆ ಹಾಕ್ತೀರಾ ಮೇಷ್ಟ್ರೇ?

ಗೋಧಿ ಹುಗ್ಗಿ
ನಿಮ್ಮ ಅಂಗಡಿ ಎಲ್ಲಿ ಅಣ್ಣಾ? ಕಬ್ಬಿನ ಹಾಲು ಇದೆಯಾ?

ನಿವೃತ್ತ ಮೇಷ್ಟ್ರು
ಮಂಜಣ್ಣ, ತಮಾಷೆ ಅಲ್ಲ ಅದು. ಹನ್ನೊಂದರ ಮೇಲೆ ಎಲ್ಲರೂ ಔಪಚಾರಿಕ ಹಂತ ಮುಟ್ಟುತ್ತಾರೆ ಅಂತ ಪಟ್ಟಿಯಲ್ಲಿದೆಯಲ್ಲ, ಅದನ್ನು ಪಿಯಾಜೆಯೇ 1972ರಲ್ಲಿ ಸಡಿಲ ಮಾಡಿದರು. ಹದಿನೈದರಿಂದ ಇಪ್ಪತ್ತರ ನಡುವೆ ಬರಬಹುದು, ಅದೂ ಅವರವರ ಒಲವು, ಕಸುಬಿನ ಕ್ಷೇತ್ರದಲ್ಲಿ ಬರಬಹುದು ಅಂದರು. ಗೈಡ್ ಪುಸ್ತಕಗಳು ಆ ತಿದ್ದುಪಡಿ ತನಕ ಬರಲೇ ಇಲ್ಲ.

ನಾದಿನಿ
ನಾನೇ ಆ ನಾದಿನಿ. ಅತ್ತಿಗೆ ಲಿಂಕ್ ಕಳಿಸಿದರು. ಎಲ್ಲರೂ ನನ್ನ ಮೇಲೇ ಬೀಳುವ ಮೊದಲು ಕೇಳಿ. ನಮಗೆ ಕೊಟ್ಟಿರುವ ನಮೂನೆಯಲ್ಲಿ ಇರುವುದು ಮಗುವಿನ ವಯಸ್ಸು, ಪ್ರಯೋಗ, ಹಂತ, ಅಷ್ಟೇ. "ಪ್ರಶ್ನೆ ಯಾವ ಭಾಷೆಯಲ್ಲಿ" ಅನ್ನುವ ಕಾಲಮ್ಮೇ ಇಲ್ಲ. "ಮಗು ಏನು ಕಾರಣ ಕೊಟ್ಟಿತು" ಅನ್ನುವುದೂ ಇಲ್ಲ. ನಾನು ಕಾಲಮ್ ತುಂಬಿದೆ. ಇದಕ್ಕೆ ಇಡೀ ಊರಿನ ಪಂಚಾಯ್ತಿ ಬೇಕಿತ್ತಾ?

ಮಲೆನಾಡಿನ ಸುಧಾ
ಪಂಚಾಯ್ತಿ ಅಲ್ಲ ಕಣೇ. ಅಮ್ಮ ನಿದ್ದೆ ಮಾಡುತ್ತಿಲ್ಲ, ಅದಕ್ಕೆ ಕೇಳಿದ್ದು.

ರೇಖಾ ಎನ್
ಯಾರೂ ಬೀಳುತ್ತಿಲ್ಲ. ಮತ್ತೊಮ್ಮೆ ಮಾಡುವುದಾದರೆ ಕನ್ನಡದಲ್ಲಿ ಕೇಳಿ, ಸುರಿಯುವ ಕೆಲಸ ಮಗಳಿಗೇ ಕೊಡಿ. ಕಾರಣ ಇದೆ. 1960ರ ದಶಕದಲ್ಲಿ ಪೆಟ್ರೀಷಿಯಾ ಗ್ರೀನ್‌ಫೀಲ್ಡ್ ಸೆನೆಗಲ್‌ನ ವೋಲೋಫ್ ಮಕ್ಕಳಿಗೆ ಇದೇ ನೀರಿನ ಪರೀಕ್ಷೆ ಮಾಡಿದರು. ಶಾಲೆಗೆ ಹೋಗದ ಕೆಲವು ಹಳ್ಳಿ ಮಕ್ಕಳು "ನೀವು ಸುರಿದಿರಿ, ಅದಕ್ಕೇ ಜಾಸ್ತಿಯಾಯಿತು" ಅಂದರು. ಹೊರಗಿನಿಂದ ಬಂದ ದೊಡ್ಡವರ ಕೈಯಲ್ಲಿ ಏನೋ ಶಕ್ತಿ ಇದೆ ಅನ್ನುವ ಅರ್ಥದಲ್ಲಿ. ಸುರಿಯುವುದನ್ನು ಮಕ್ಕಳಿಗೇ ಬಿಟ್ಟಾಗ "ಅಷ್ಟೇ ಇದೆ" ಅನ್ನುವವರು ಬಹಳ ಹೆಚ್ಚಾದರು. ಇನ್ನೊಂದು, "ನೀನು ಯಾಕೆ ಹಾಗೆ ಅಂದುಕೊಂಡೆ" ಅಂದರೆ ಆ ಮಕ್ಕಳು ಸುಮ್ಮನಾಗುತ್ತಿದ್ದರು. "ಅದು ಯಾಕೆ ಹಾಗಿದೆ" ಅಂದರೆ ಸಲೀಸಾಗಿ ಮಾತಾಡುತ್ತಿದ್ದರು.

ನಾದಿನಿ
ನಿನ್ನೆ ಸಂಜೆ ಮಾಡಿದೆ. ಕನ್ನಡದಲ್ಲಿ ಕೇಳಿದೆ, ಅವಳೇ ಸುರಿದಳು. "ಎರಡೂ ಅಷ್ಟೇ" ಅಂದಳು. ಯಾಕೆ ಅಂದರೆ "ಅತ್ತೆ, ನೀನು ಮತ್ತೆ ಕೇಳ್ತಿದೀಯ ಅಂದ್ರೆ ಆವತ್ತು ಹೇಳಿದ್ದು ತಪ್ಪು ಅಂತ ತಾನೆ" ಅಂದಳು. ಈಗ ಇದನ್ನು ಯಾವ ಕಾಲಮ್ಮಿಗೆ ಹಾಕಲಿ?

ಮಗನಿಗೆ ಹತ್ತು ಬೀಜದ ಸಾಲು ಮಾಡಿ, ಎಣಿಸಲು ಬಿಡದೇ ಬೇಗ ಕೇಳಿದೆ. "ಅಗಲ ಇರೋದ್ರಲ್ಲಿ ಜಾಸ್ತಿ" ಅಂದ.

ಗೋಧಿ ಹುಗ್ಗಿ
ಎಂಟು ವರ್ಷದವಳು ಪರೀಕ್ಷಕರನ್ನೇ ಪರೀಕ್ಷೆ ಮಾಡಿದಳಲ್ಲ!

ನಿವೃತ್ತ ಮೇಷ್ಟ್ರು
ಮಗಳ ಉತ್ತರ ಸರಿ, ಕಾರಣ ಲೋಟದ ಬಗ್ಗೆ ಅಲ್ಲ, ನಿನ್ನ ಬಗ್ಗೆ. ಪಿಯಾಜೆ ಇದನ್ನು ಒಪ್ಪುತ್ತಿರಲಿಲ್ಲ. "ಹೊಸದಾಗಿ ಏನೂ ಹಾಕಲಿಲ್ಲ" ಅಥವಾ "ವಾಪಸ್ ಸುರಿದರೆ ಮೊದಲಿನಷ್ಟೇ" ಅಥವಾ "ಇದು ಉದ್ದ, ಆದರೆ ಸಪೂರ" ಇಂಥದ್ದು ಬರಬೇಕು.

ರೇಖಾ ಎನ್
ನಾನು ಪೂರ್ತಿ ಒಪ್ಪುವುದಿಲ್ಲ. ಕಾರಣ ಹೇಳಲು ಬರದಿದ್ದರೆ ಗೊತ್ತೇ ಇಲ್ಲ ಅಂತ ಹೇಗೆ ಹೇಳುವುದು? ಸೀಗ್ಲರ್ ಅನ್ನುವ ಮನಶ್ಶಾಸ್ತ್ರಜ್ಞರು ಒಂದೇ ಮಗುವಿಗೆ ಒಂದೇ ಥರದ ಲೆಕ್ಕವನ್ನು ಮತ್ತೆ ಮತ್ತೆ ಕೊಟ್ಟು ನೋಡಿದ್ದಾರೆ. ಮಗು ಒಮ್ಮೆ ಉದ್ದ ನೋಡಿ ಹೇಳುತ್ತದೆ, ಒಮ್ಮೆ ಎಣಿಸುತ್ತದೆ, ಒಮ್ಮೆ ಸರಿ ಕಾರಣ ಕೊಡುತ್ತದೆ, ಮರುದಿನ ಮತ್ತೆ ಉದ್ದಕ್ಕೆ ಹೋಗುತ್ತದೆ. ಹಳೆಯ ದಾರಿ, ಹೊಸ ದಾರಿ ಎರಡೂ ತುಂಬ ದಿನ ಜೊತೆಗೇ ಇರುತ್ತವೆ. ನೀವು ಸೋಮವಾರ ಕೇಳಿದರೆ ಒಂದು ಹಂತ, ಗುರುವಾರ ಕೇಳಿದರೆ ಇನ್ನೊಂದು.

ಟಿಇಟಿ ಬಸು
ಎಲ್ಲ ಸರಿ. ನಮ್ಮ ಹುಡುಗರು ಪರೀಕ್ಷೆಯಲ್ಲಿ ಏನು ಟಿಕ್ ಮಾಡಬೇಕು, ಅದನ್ನು ಹೇಳಿ.

ನಿವೃತ್ತ ಮೇಷ್ಟ್ರು
7ರಿಂದ 11 ಅಂತಲೇ ಟಿಕ್ ಮಾಡಲಿ, ಅಂಕ ಬರಲಿ. ಪಾಠ ಮಾಡುವಾಗ "ಸುಮಾರು" ಅನ್ನುವ ಒಂದು ಪದ ಸೇರಿಸಿ.

ನಾದಿನಿಯವರಿಗೆ: ಹಂತದ ಕಾಲಮ್ಮಿನಲ್ಲಿ ಹಂತ ಬರೆಯಿರಿ, ಬಿಡುವುದಕ್ಕಾಗುವುದಿಲ್ಲ. ಕೆಳಗೆ ಖಾಲಿ ಜಾಗದಲ್ಲಿ ನೀವು ಕೇಳಿದ ಪ್ರಶ್ನೆ, ಭಾಷೆ, ಮಗು ಆಡಿದ ಮಾತು ಹಾಗ್ಹಾಗೇ ಬರೆಯಿರಿ. ಎರಡೂ ದಿನದ್ದು.

ನಾದಿನಿ
ಅದಕ್ಕೆ ಅಂಕ ಇಲ್ಲ ಸಾರ್.

ನಿವೃತ್ತ ಮೇಷ್ಟ್ರು
ನಾನಾಗಿದ್ದರೆ ಅದಕ್ಕೇ ಕೊಡುತ್ತಿದ್ದೆ.

ಕರಾವಳಿ ಕೂಸು
ನಮ್ಮ ಅಕ್ಕನ ಮಗನಿಗೆ ಒಂಬತ್ತು. ಮಣ್ಣಿನ ಉಂಡೆಯ ತೂಕದ್ದು ಮಾಡಿ ನೋಡಬೇಕು ಅನಿಸ್ತಿದೆ. ಚಪಾತಿ ಹಿಟ್ಟಿನಲ್ಲಿ ಮಾಡಬಹುದಾ?

ರೇಖಾ ಎನ್
ಮಾಡಬಹುದು. ಎರಡು ಸಮ ಉಂಡೆ ಮಾಡಿ, ತಕ್ಕಡಿಯಲ್ಲಿ ಅವನೇ ತೂಗಿ ಒಪ್ಪಲಿ. ಒಂದನ್ನು ಅವನೇ ಲಟ್ಟಿಸಲಿ. ಆಮೇಲೆ ತಕ್ಕಡಿ ದೂರ ಇಟ್ಟು ತುಳುವಿನಲ್ಲಿ ಕೇಳಿ, "ಸಮ" ಅನ್ನುವ ಆಯ್ಕೆಯೂ ಪ್ರಶ್ನೆಯಲ್ಲಿ ಇರಲಿ. ಕೈಯಲ್ಲಿ ಎತ್ತಿ ನೋಡಲು ಬಿಡಬೇಡಿ. ಅಗಲ ಮಾಡಿದ್ದು ಅಂಗೈ ತುಂಬ ಹರಡಿಕೊಂಡು ಹಗುರ ಅನಿಸುತ್ತದೆ, ದೊಡ್ಡವರಿಗೂ.

ಎರಡು ಮಕ್ಕಳ ಅಪ್ಪ
ಇದನ್ನು ಮಾಡಿ ತೋರಿಸಿದರೆ ಒಂದನೇ ಕ್ಲಾಸಿಗೆ ಸೇರಿಸಿಕೊಳ್ತಾರಾ?